ಹರಪ್ಪದ ತೂಕದ ಕಲ್ಲು

ನಿನ್ನೆಯಿಂದ ಹರಪ್ಪದ ತೂಕದ ಕಲ್ಲುಗಳೇ ತಲೆಯಲ್ಲಿ ಸುತ್ತುತ್ತಿವೆ. ದಾಳದಂತೆ ಚೌಕಾಕಾರ, ನುಣ್ಣಗೆ ಉಜ್ಜಿದ ಚರ್ಟ್ ಅನ್ನುವ ಗಟ್ಟಿ ಕಲ್ಲು. ಸಾಮಾನ್ಯವಾಗಿ ಮೇಲೆ ಒಂದು ಗುರುತೂ ಇಲ್ಲ. ಜಾಸ್ತಿ ಸಿಕ್ಕಿರುವ ಕಲ್ಲು ಸುಮಾರು 13.7 ಗ್ರಾಂ. ಅದರ ಹದಿನಾರನೇ ಒಂದು ಭಾಗದಷ್ಟು ಪುಟ್ಟ ಕಲ್ಲೂ ಇದೆ. ಅಲ್ಲಿಂದ 1, 2, 4, 8, 16 ಅಂತ ದುಪ್ಪಟ್ಟಾಗುತ್ತಾ ಹೋಗುತ್ತದೆ.

ಈ ದುಪ್ಪಟ್ಟಿನ ಲೆಕ್ಕ ನನಗೆ ತುಂಬ ಹಿಡಿಸಿತು. ಈ ಐದೇ ಕಲ್ಲಿದ್ದರೆ 1ರಿಂದ 31ರವರೆಗೆ ಯಾವ ತೂಕವನ್ನಾದರೂ ತೂಗಬಹುದು. 13 ಬೇಕಾ? 8, 4, 1 ಇಟ್ಟರೆ ಆಯಿತು. ಕಲ್ಲು ಸವೆದಿದೆಯಾ ಅನ್ನುವ ಅನುಮಾನ ಬಂದರೂ ತಕ್ಕಡಿಯಲ್ಲೇ ಉತ್ತರವಿದೆ. ನಾಲ್ಕರ ಕಲ್ಲು ಎರಡು ಒಂದು ಕಡೆ, ಎಂಟರದ್ದು ಇನ್ನೊಂದು ಕಡೆ. ತಟ್ಟೆ ವಾಲಿದರೆ ಯಾವುದೋ ಒಂದು ಕಲ್ಲು ಸರಿಯಿಲ್ಲ.

ಆಗ ನಾಣ್ಯವೇ ಇರಲಿಲ್ಲ ಅಲ್ವಾ? ಬೆಲೆ ಕಟ್ಟಬೇಕಾದರೆ ತೂಕವೇ ಗತಿ. ಹರಪ್ಪದಿಂದ ಗುಜರಾತಿನ ಲೋಥಲ್‌ಗೆ ಸುಮಾರು 900 ಕಿಲೋಮೀಟರ್. ಎರಡೂ ಕಡೆ ಇದೇ ಅಳತೆ. ಅಷ್ಟು ದೂರ ಸರಕು ಕಳಿಸಿದವನು ಕೊಳ್ಳುವವನ ಕಲ್ಲನ್ನು ನಂಬಬಹುದಿತ್ತು. ಹರಪ್ಪದಲ್ಲಿ ಊರಬಾಗಿಲ ಹತ್ತಿರವೂ ಇಂಥ ಕಲ್ಲುಗಳು ಸಿಕ್ಕಿವೆ. ಒಳಬರುವ ಸರಕಿಗೆ ಅಲ್ಲೇ ಸುಂಕ ತೂಗುತ್ತಿದ್ದರು ಅನ್ನುವ ಊಹೆ ನನಗೆ ಸರಿ ಅನಿಸುತ್ತದೆ. ಗುಲಗಂಜಿಯಷ್ಟು ವ್ಯತ್ಯಾಸಕ್ಕೂ ಅಲ್ಲಿ ಎಷ್ಟು ಜಗಳ ನಡೆದಿರಬೇಕು!