11 ಪುಸ್ತಕ, 58 ಮಕ್ಕಳು: ಗುಂಪು ಓದು ಎಲ್ಲಿಯವರೆಗೆ ಬಂತು

ಜೂನ್ ಕೊನೆ

ಏಳನೇ ತರಗತಿಯ ಸಮಾಜ ವಿಜ್ಞಾನಕ್ಕೆ ಸದ್ಯ ಕೈಯಲ್ಲಿರುವುದು 11 ಪುಸ್ತಕ. ಉಳಿದವು ಬರುತ್ತವಂತೆ. ಬರುವವರೆಗೆ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸುವುದು ನನಗೆ ಒಗ್ಗದ ಕೆಲಸ. ಅರ್ಧ ಪೀರಿಯಡ್ ಬರೆಯುವುದರಲ್ಲೇ ಕಳೆಯುತ್ತದೆ, ಓದಿ ಅರ್ಥಮಾಡಿಕೊಳ್ಳುವುದು ಹಾಗೇ ಉಳಿಯುತ್ತದೆ.

ಹಾಗಾಗಿ ಮಕ್ಕಳನ್ನು 11 ಗುಂಪು ಮಾಡಿದ್ದೇನೆ: ಎಂಟು ಗುಂಪಿನಲ್ಲಿ ಐವರು, ಮೂರರಲ್ಲಿ ಆರು ಮಂದಿ. ಕೊಠಡಿಯಲ್ಲಿ ಬೆಂಚು ಸರಿಸಲು ಜಾಗವಿಲ್ಲ, ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ಗುಂಪು ಆಯಿತು. ಪಾತ್ರಗಳು ಐದು: ಓದುವವರು, ಸಾರ ಹೇಳುವವರು, ಪ್ರಶ್ನೆ ಕೇಳುವವರು, ಪದ ಹುಡುಕುವವರು, ಮುಂದೇನು ಬರಬಹುದೆಂದು ಊಹಿಸುವವರು. ಆರು ಜನರ ಗುಂಪಿನಲ್ಲಿ ಪದ ಹುಡುಕುವವರು ಇಬ್ಬರು.

ಓದುವವರನ್ನು ಬಿಟ್ಟರೆ ಉಳಿದ ನಾಲ್ಕು ಪಾತ್ರ ನನ್ನ ಆವಿಷ್ಕಾರವಲ್ಲ. 1984ರಲ್ಲಿ ಅಮೆರಿಕದ ಆನ್‌ಮರಿ ಪ್ಯಾಲಿಂಕ್ಸರ್ ಮತ್ತು ಆನ್ ಬ್ರೌನ್ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಇವೇ: ಸಾರ ಹೇಳುವುದು, ಪ್ರಶ್ನೆ ಹಾಕುವುದು, ತೊಡಕು ಬಿಡಿಸುವುದು, ಊಹಿಸುವುದು. ಅಲ್ಲಿನವರೂ ಏಳನೇ ತರಗತಿಯ ಮಕ್ಕಳೇ. ಆದರೆ ಅವರು ಅಕ್ಷರ ಸರಾಗವಾಗಿ ಓದುತ್ತಿದ್ದವರು, ಓದಿದ್ದು ಅರ್ಥವಾಗದೆ ಹಿಂದೆ ಬಿದ್ದವರು. ಗುಂಪುಗಳೂ ಸಣ್ಣವು, ಪಕ್ಕದಲ್ಲೇ ಒಬ್ಬ ಶಿಕ್ಷಕರು ಇರುತ್ತಿದ್ದರು. 58 ಮಕ್ಕಳ ಕೋಣೆಗೆ ಅದನ್ನು ಹಾಗೇ ತಂದಿಟ್ಟರೆ ನಿಲ್ಲುವುದಿಲ್ಲ.

ಜುಲೈ ಮೊದಲ ವಾರಗಳು

ಪಾತ್ರದ ಚೀಟಿಗಳನ್ನು ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ಬರೆದೆವು. ದಪ್ಪ ಕಾಗದ, ಬೇಗ ಹರಿಯುವುದಿಲ್ಲ. ಪ್ರತಿ ಚೀಟಿಯಲ್ಲಿ ಮಾತು ಶುರುಮಾಡಲು ಒಂದು ಸಾಲು ಇದೆ. ಸಾರದವರಿಗೆ "ಈ ಪ್ಯಾರಾದಲ್ಲಿ ಮುಖ್ಯವಾಗಿ ಹೇಳಿರುವುದು...", ಪ್ರಶ್ನೆಯವರಿಗೆ "ಯಾಕೆ, ಹೇಗೆ, ಹಾಗಾಗದಿದ್ದರೆ ಏನಾಗುತ್ತೆ".

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಪುಸ್ತಕದ ನಿಯಮ. ಓದುವವರು ಒಂದೇ ಒಂದು ಪ್ಯಾರಾ ಗಟ್ಟಿಯಾಗಿ ಓದಿ ಪುಸ್ತಕ ಮುಚ್ಚಬೇಕು. ಸಾರ ಹೇಳುವಾಗ ಪುಸ್ತಕ ಮುಚ್ಚಿಯೇ ಇರಬೇಕು. ಭಿನ್ನಾಭಿಪ್ರಾಯ ಬಂದಾಗ ಮಾತ್ರ ತೆರೆಯಬಹುದು, ಅದೂ ಯಾವ ಸಾಲಿಗಾಗಿ ಎಂದು ಹೇಳಿ. ಪುಸ್ತಕ ತೆರೆದಿದ್ದರೆ ಸಾರ ಎಂದರೆ ಮೊದಲ ವಾಕ್ಯವನ್ನು ಮತ್ತೆ ಓದುವುದು ಎಂದಾಗಿಬಿಡುತ್ತದೆ. ಮುಚ್ಚಿದ್ದರೆ ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲೇ ಹೇಳಬೇಕು, ಬೇರೆ ದಾರಿ ಇಲ್ಲ. ಎಲ್ಲರ ಕೈಯಲ್ಲೂ ಪುಸ್ತಕ ಇದ್ದಿದ್ದರೆ ಈ ನಿಯಮವನ್ನು ಜಾರಿ ಮಾಡಲು ನನ್ನಿಂದ ಆಗುತ್ತಿರಲಿಲ್ಲ ಅನ್ನಿಸುತ್ತದೆ.

40 ನಿಮಿಷದಲ್ಲಿ ನಾಲ್ಕು ಪ್ಯಾರಾ ಆಗುತ್ತದೆ, ಪ್ಯಾರಾಕ್ಕೆ ಆರು ನಿಮಿಷದ ಲೆಕ್ಕ. ಕೊನೆಯ ಹತ್ತು ನಿಮಿಷ ಇಡೀ ತರಗತಿಯ ಮಾತಿಗೆ. ಪ್ರತಿ ಪ್ಯಾರಾ ಮುಗಿದ ಮೇಲೆ ಚೀಟಿ ಬಲಗಡೆಯವರಿಗೆ ಹೋಗುತ್ತದೆ. ದಿನಕ್ಕೊಂದೇ ಪಾತ್ರ ಕೊಟ್ಟರೆ ಪ್ರಶ್ನೆಯವರು ಆ ದಿನ ಪ್ರಶ್ನೆ ಯೋಚಿಸುತ್ತಾರೆ, ಪಾಠ ಕೇಳುವುದಿಲ್ಲ.

ಗಲಾಟೆ ಇದ್ದೇ ಇದೆ. 11 ಜನ ಒಟ್ಟಿಗೆ ಗಟ್ಟಿಯಾಗಿ ಓದಿದರೆ ಪಕ್ಕದ ತರಗತಿಯಿಂದ ದೂರು ಬರದೆ ಇರುತ್ತದೆಯೇ? ಈಗ ನಾಲ್ಕು ಗುಂಪು ಹೊರಗೆ ಜಗಲಿಯಲ್ಲಿ ಕೂರುತ್ತವೆ. ಮಳೆ ಬಂದರೆ ಒಳಗೇ.

ಜುಲೈ ಕೊನೆ: ಕೆರೆಯ ಪ್ಯಾರಾ

ಒಂದು ಗುಂಪಿನ ಪಕ್ಕದಲ್ಲೇ ಕೂತು ಪೂರ್ತಿ ಕೇಳಿದ್ದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ. ಪ್ಯಾರಾದಲ್ಲಿದ್ದದ್ದು ಸುಮಾರಾಗಿ ಇಷ್ಟು: ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಿಂದ ಹೊರಹೋಗುತ್ತದೆ, ತೂಬು ತೆರೆದಾಗ ನೀರು ಕಾಲುವೆಗೆ ಹರಿದು ಅಚ್ಚುಕಟ್ಟನ್ನು ತಲುಪುತ್ತದೆ, ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲುವುದು ಕಡಿಮೆಯಾಗುತ್ತದೆ.

ಸಾರದ ಹುಡುಗ ಹೇಳಿದ್ದು: "ಕೆರೇಲಿ ನೀರಿರುತ್ತೆ, ಆಮೇಲೆ ಹೊರಗೆ ಹೋಗುತ್ತೆ." ಗುಂಪು ತಲೆಯಾಡಿಸಿತು. ಚೀಟಿ ಮುಂದಕ್ಕೆ ಹೋಗುವುದರಲ್ಲಿತ್ತು. ಆಗ ಪ್ರಶ್ನೆಯ ಹುಡುಗಿ ಕೇಳಿದಳು, "ಕೋಡೀಲೂ ಹೋಗುತ್ತೆ, ತೂಬಲ್ಲೂ ಹೋಗುತ್ತೆ. ಎರಡು ಯಾಕೆ ಬೇಕು?" ಪುಸ್ತಕ ತೆರೆದರು. ಉತ್ತರ ಒಂದೇ ಸಾಲಿನಲ್ಲಿ ಇರಲಿಲ್ಲ, "ತುಂಬಿದಾಗ" ಒಂದು ಕಡೆ, "ತೆರೆದಾಗ" ಇನ್ನೊಂದು ಕಡೆ. ಎರಡನ್ನೂ ಜೋಡಿಸಿದ್ದು ಅಪ್ಪನ ಜೊತೆ ಗದ್ದೆಗೆ ಹೋಗುವ ಹುಡುಗ: "ತೂಬು ನಾವು ಎತ್ತಬೇಕು ಕಣೋ, ಕೋಡಿ ತಾನೇ ಬೀಳುತ್ತೆ." ಸಾರವನ್ನು ಮತ್ತೆ ಹೇಳಿಸಿದಾಗ ಅದರಲ್ಲಿ ಎರಡು ದಾರಿ ಬಂದವು, ಎರಡರ ಕೆಲಸವೂ ಬಂತು.

ಆ ಮೇಲೆ ಅದೇ ಹುಡುಗಿ ಇನ್ನೊಂದು ಹಾಕಿದಳು. ಹೂಳು ತುಂಬಿದ ಕೆರೆಯಲ್ಲಿ ಕೋಡಿ ಬೇಗ ಬೀಳುತ್ತದೋ, ತಡವಾಗಿಯೋ? ಇದಕ್ಕೆ ಪುಸ್ತಕ ಎಷ್ಟು ಸಲ ತೆರೆದರೂ ಉತ್ತರ ಸಿಗುವುದಿಲ್ಲ, ಯೋಚಿಸಿಯೇ ಹೇಳಬೇಕು. ಬೇಗ ಬೀಳುತ್ತದೆ, ಜಾಗವೇ ಕಡಿಮೆಯಲ್ಲವೇ. ಅಂದರೆ ಕೋಡಿ ಬಿದ್ದ ಮಾತ್ರಕ್ಕೆ ಬೇಸಿಗೆಗೆ ನೀರಿದೆ ಎಂದಲ್ಲ, ಎಂಬಲ್ಲಿಗೆ ಗುಂಪು ಬಂದು ನಿಂತಿತು. ನಾನು ಹತ್ತು ನಿಮಿಷ ವಿವರಿಸಿದ್ದರೂ ಇಷ್ಟು ಹೇಳಿರುತ್ತಿರಲಿಲ್ಲ.

ಪದ ಹುಡುಕುವವಳು ಆರಿಸಿದ್ದು "ಹೂಳು", "ಪ್ರಮಾಣ". ಎರಡೂ ಎಲ್ಲರಿಗೂ ಗೊತ್ತಿದ್ದವೇ. ನಿಜವಾಗಿ ತೊಡಕು ಇದ್ದದ್ದು "ಅಚ್ಚುಕಟ್ಟು" ಎಂಬಲ್ಲಿ. ಕೇಳಿದರೆ, "ನೀಟಾಗಿ ಅಂತ, ಮಿಸ್" ಎಂದರು. ಕೆರೆಯ ನೀರು ಹಾಯುವ ಜಮೀನು ಎಂದು ಗೊತ್ತಿದ್ದವನು ಆ ಗದ್ದೆಯ ಹುಡುಗ ಒಬ್ಬನೇ. ಪದದ ಚೀಟಿಗೆ ಅಂದೇ ಒಂದು ಸಾಲು ಸೇರಿಸಿದೆ: "ಗೊತ್ತಿರುವ ಪದವೇ, ಆದರೆ ಈ ವಾಕ್ಯಕ್ಕೆ ಆ ಅರ್ಥ ಕೂಡುವುದಿಲ್ಲ. ಅಂಥದ್ದು ಇದೆಯೇ?" ಗುರುತಿಗೆ ಪೆನ್ಸಿಲಿನ ಸಣ್ಣ ಚುಕ್ಕೆ ಮಾತ್ರ, ಪುಸ್ತಕ ಮುಂದಿನ ವರ್ಷದವರಿಗೂ ಬೇಕಾದೀತು.

ಆಗಸ್ಟ್

ಆರೇಳು ಮಕ್ಕಳಿಗೆ ಒತ್ತಕ್ಷರ ಬಂದ ಕೂಡಲೇ ಓದು ನಿಲ್ಲುತ್ತದೆ. ಅವರಲ್ಲಿ ಇಬ್ಬರು ಸಾರ ಹೇಳುವುದರಲ್ಲಿ ತರಗತಿಗೇ ಮುಂದು, ಕಿವಿಯಲ್ಲಿ ಕೇಳಿದ್ದನ್ನು ಜೋಡಿಸಿ ಹೇಳುತ್ತಾರೆ. ಓದಿನ ಚೀಟಿ ಅವರಿಗೆ ಬಂದಾಗ ಪಕ್ಕದವರ ಜೊತೆ ಸೇರಿ ಓದಬಹುದು ಎಂದಿದ್ದೇನೆ. ಹಾಗೆಂದು ಅವರ ಓದು ಇದರಿಂದ ಸುಧಾರಿಸುತ್ತದೆ ಎಂದುಕೊಳ್ಳುವ ಹಾಗಿಲ್ಲ. ಈ ವಿಧಾನ ಅರ್ಥಕ್ಕೆ, ಅಕ್ಷರಕ್ಕಲ್ಲ. ಅವರಿಗೆ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಹದಿನೈದು ನಿಮಿಷ ಬೇರೆಯಾಗಿ ಕೂರಿಸಿಕೊಳ್ಳುತ್ತಿದ್ದೇನೆ.

ಗುಂಪು ನಿಜವಾಗಿ ಓದುತ್ತಿದೆಯೋ, ಚೀಟಿ ತಿರುಗಿಸುತ್ತಿದೆಯೋ ಎಂದು ತಿಳಿಯಲು ಎರಡು ಕಡೆ ನೋಡುತ್ತೇನೆ. ಇಡೀ ಪೀರಿಯಡ್ ಪುಸ್ತಕ ಮತ್ತೆ ತೆರೆಯದೇ ಇದ್ದ ಗುಂಪಿನಲ್ಲಿ ಯಾರೂ ಯಾರ ಮಾತನ್ನೂ ಪ್ರಶ್ನಿಸಿಲ್ಲ ಎಂದೇ ಅರ್ಥ. ಎರಡನೆಯದು, ಕೊನೆಯ ಹತ್ತು ನಿಮಿಷದಲ್ಲಿ ಸಾರದ ಚೀಟಿ ಇಲ್ಲದವರನ್ನು ಎಬ್ಬಿಸಿ ಸಾರ ಕೇಳುವುದು. ತಾವು ಯಾವಾಗ ಏಳಬೇಕಾಗುತ್ತದೋ ಗೊತ್ತಿಲ್ಲದ ಕಾರಣ ಈಗ ಎಲ್ಲರೂ ಕಿವಿ ಕೊಡುತ್ತಾರೆ. ತಿಂಗಳ ಕೊನೆಗೆ ಹೊಸ ಪ್ಯಾರಾ ಒಂದನ್ನು ಬೋರ್ಡಿನ ಮೇಲೆ ಬರೆದು, ಒಬ್ಬೊಬ್ಬರೂ ಎರಡು ಸಾಲಿನ ಸಾರ ಮತ್ತು ಒಂದು ಪ್ರಶ್ನೆ ಬರೆಯಲಿ ಎಂದೆ. ಸಾರ ಪರವಾಗಿಲ್ಲ. ಪ್ರಶ್ನೆಗಳಲ್ಲಿ ಹೆಚ್ಚಿನವು ಇನ್ನೂ "ಎಂದರೇನು?" ಜಾತಿಯವೇ, ಪರೀಕ್ಷೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

ಮುಂದಿನದು ವಿಜ್ಞಾನದ ಪಾಠ, ಎಲೆಯಲ್ಲಿ ಪಿಷ್ಟ ಪರೀಕ್ಷೆ. ಅಲ್ಲಿ ಸಾರದ ಚೀಟಿ ಇದ್ದ ಹಾಗೇ ನಡೆಯುವುದಿಲ್ಲ. ಎಲೆಯನ್ನು ನೀರಿನಲ್ಲಿ ಕುದಿಸಿ, ಸ್ಪಿರಿಟ್‌ನಲ್ಲಿ ಹಸಿರು ತೆಗೆದು, ಆಮೇಲೆ ಅಯೋಡಿನ್ ಹಾಕುವುದು. ಇದರಲ್ಲಿ ಮುಖ್ಯವಾದದ್ದೊಂದನ್ನು ಆರಿಸು ಎಂದರೆ ಅರ್ಥವಿಲ್ಲ, ಕ್ರಮವೇ ಮುಖ್ಯ. ಆ ಪಾಠಕ್ಕೆ "ಮೊದಲು, ಆಮೇಲೆ, ಕೊನೆಗೆ" ಎಂಬ ಹೊಸ ಚೀಟಿ ಬರೆಯಬೇಕು. ಪ್ರಶ್ನೆಯವರ ಕೆಲಸ ಆ ಒಂದೊಂದು ಹೆಜ್ಜೆಯನ್ನೂ ಬಿಟ್ಟರೆ ಏನಾಗುತ್ತದೆ ಎಂದು ಕೇಳುವುದು. ಕರೆಯೋಲೆ ಮುಗಿದಿವೆ, ಯಾರ ಮನೆಯಲ್ಲಾದರೂ ಇದ್ದರೆ ತರಲು ಹೇಳಿದ್ದೇನೆ.