ಅಮ್ಮನ ಕೈಯಲ್ಲಿ ಚೀವರ: ಈಸಾನದ ಹಳ್ಳಿಯಲ್ಲಿ ಹದಿನೈದು ದಿನದ ದೀಕ್ಷೆ

ಬ್ಯಾಂಕಾಕಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಈಸಾನದ, ಎಂದರೆ ಥಾಯ್ಲೆಂಡಿನ ಈಶಾನ್ಯ ಭಾಗದ, ಉಬೋನ್ ರಾಟ್ಚತಾನಿ. ಹೆಸರು ಬಿಡಿಸಿದರೆ ನಮ್ಮದೇ ಮಾತು: ಉತ್ಪಲ, ರಾಜಧಾನಿ. ಹಳಿ ಇಲ್ಲಿಗೇ ಮುಗಿಯುತ್ತದೆ. ನಿಲ್ದಾಣಕ್ಕೆ ಊರಿನ ಹೆಸರಿದ್ದರೂ ಅದಿರುವುದು ಮೂನ್ ನದಿಯ ಇನ್ನೊಂದು ದಡದ ವಾರಿನ್ ಚಮ್ರಾಪ್‌ನಲ್ಲಿ. ಅಲ್ಲಿಂದ ಹಳ್ಳಿಯ ಕಡೆ ಹೊರಟರೆ ಮೇ ತಿಂಗಳಲ್ಲಿ ಗದ್ದೆಗಳೆಲ್ಲ ಒಣಗಿ ಬಿರುಕು ಬಿಟ್ಟಿರುತ್ತವೆ. ಕೃಷಿಯ ಕೆಲಸ ಇರುವುದಿಲ್ಲ, ನೆಂಟರಿಗೆ ಬಿಡುವು. ದೀಕ್ಷೆಯ ಮನೆಗಳಲ್ಲಿ ಶಾಮಿಯಾನ ಏಳುವ ಕಾಲ ಇದು.

ಥಾಯ್ಲೆಂಡಿನಲ್ಲಿ ಗಂಡುಮಕ್ಕಳು ಬದುಕಿನಲ್ಲಿ ಒಮ್ಮೆಯಾದರೂ ಭಿಕ್ಷುವಾಗಬೇಕೆಂಬ ರೂಢಿ ಇದೆ. ಹಿಂದೆ ಮಳೆಗಾಲದ ಮೂರು ತಿಂಗಳ ವರ್ಷಾವಾಸ ಪೂರ್ತಿ ವಿಹಾರದಲ್ಲಿ ಇರುತ್ತಿದ್ದರು. ಈಗ ಕಾರ್ಖಾನೆಯ ರಜೆಗೆ ತಕ್ಕಂತೆ ಹದಿನೈದು ದಿನ, ಕೆಲವೊಮ್ಮೆ ಒಂದೇ ವಾರ. ಸರ್ಕಾರಿ ನೌಕರನಿಗೆ ಸೇವಾವಧಿಯಲ್ಲಿ ಒಂದು ಸಲ 120 ದಿನಗಳವರೆಗೆ ದೀಕ್ಷೆಯ ರಜೆ ಸಿಗುತ್ತದೆ. ದೊರೆ ಭೂಮಿಬೋಲ್ 1956ರಲ್ಲಿ ಭಿಕ್ಷುವಾಗಿದ್ದದ್ದೂ ಹದಿನೈದೇ ದಿನ. ಆಗ ರಾಣಿ ಸಿರಿಕಿತ್ ಆಡಳಿತ ನೋಡಿಕೊಂಡರು.

ಆದರೆ ‘ತಾತ್ಕಾಲಿಕ ದೀಕ್ಷೆ’ ಎಂಬ ಪ್ರತ್ಯೇಕ ವಿಧಿ ಭಿಕ್ಷುಗಳ ನಿಯಮಗ್ರಂಥವಾದ ವಿನಯದಲ್ಲಿ ಇಲ್ಲವೇ ಇಲ್ಲ. ಐವತ್ತು ವರ್ಷ ಕಾವಿ ಹೊದ್ದವನಿಗೂ ಹದಿನೈದು ದಿನ ಹೊದೆಯುವವನಿಗೂ ಮಂತ್ರ ಒಂದೇ, ನಿಯಮ ಒಂದೇ, ಎಣಿಸಿದರೆ 227. ತಾತ್ಕಾಲಿಕವಾಗಿರುವುದು ರಜೆಯ ಚೀಟಿ ಮಾತ್ರ. ಒಳಗೆ ಹೋಗುವ ಬಾಗಿಲು ಕಿರಿದು, ಹೊರಗೆ ಬರುವ ಬಾಗಿಲು ಸದಾ ತೆರೆದಿರುತ್ತದೆ. ಈ ಪದ್ಧತಿ ನಿಂತಿರುವುದೇ ಅದರ ಮೇಲೆ. ನಮ್ಮ ಬೈಲಕುಪ್ಪೆಯ ಟಿಬೆಟನ್ ವಿಹಾರಗಳಲ್ಲಿ ಹೀಗಿಲ್ಲ. ಅಲ್ಲಿ ದೀಕ್ಷೆ ಎಂದರೆ ಜೀವನಪೂರ್ತಿ, ಬಿಟ್ಟು ಬಂದವನ ಬಗ್ಗೆ ಜನ ಪಿಸುಗುಟ್ಟುತ್ತಾರೆ. ಇಲ್ಲಿ ಬಿಟ್ಟು ಬಂದವನಿಗೆ ಬಿರುದು ಸಿಗುತ್ತದೆ.

ದೀಕ್ಷೆಗೆ ನಿಂತ ಹುಡುಗನನ್ನು ‘ನಾಕ್’ ಎನ್ನುತ್ತಾರೆ, ಎಂದರೆ ನಾಗ. ಒಬ್ಬ ನಾಗ ಮನುಷ್ಯರೂಪದಲ್ಲಿ ಬಂದು ಭಿಕ್ಷುವಾಗಿದ್ದ, ನಿದ್ದೆಯಲ್ಲಿ ನಿಜರೂಪ ಬಯಲಾಗಿ ಬುದ್ಧ ಅವನನ್ನು ಕಳಿಸಿಬಿಟ್ಟ ಎಂಬ ಕಥೆ ವಿನಯದಲ್ಲಿದೆ. ಅವನ ನೆನಪಿಗೆ ಈ ಹೆಸರು ಎಂದು ಥಾಯ್ ಜನ ಹೇಳುತ್ತಾರೆ. ನಾಕ್ ವಾರದ ಮೊದಲೇ ವಿಹಾರಕ್ಕೆ ಬಂದು ಪಾಳಿ ಭಾಷೆಯ ಸಾಲುಗಳನ್ನು ಬಾಯಿಪಾಠ ಮಾಡುತ್ತಾನೆ. ಹೆಚ್ಚು ಜನ ಎಡವುವುದು ಇಲ್ಲೇ. ಅರ್ಥ ತಿಳಿಯದೆ ಪುಟಗಟ್ಟಲೆ ಉರುಹೊಡೆದವರು ಸಭೆಯಲ್ಲಿ ಮೈಕ್ ಮುಂದೆ ಕೂತಾಗ ಮಧ್ಯದ ಸಾಲು ಹಾರಿಸಿಬಿಡುತ್ತಾರೆ. ಆಚಾರ್ಯರು ಮೆಲ್ಲಗೆ ಎತ್ತಿಕೊಡುತ್ತಾರೆ, ಕೆಲಸ ನಿಲ್ಲುವುದಿಲ್ಲ. ಆದರೆ ತ್ರಿಶರಣವನ್ನು ಮಾತ್ರ ಒಂದಕ್ಷರ ತೇಲಿಸಲು ಬಿಡುವುದಿಲ್ಲ. ಅದು ಕೆಟ್ಟರೆ ಭಿಕ್ಷುವಾಗುವ ಮೊದಲಿನ ಹಂತವಾದ ಶ್ರಾಮಣೇರ ದೀಕ್ಷೆಯೇ ಕೆಟ್ಟಂತೆ. ಥಾಯ್ ನಾಲಿಗೆಯಲ್ಲಿ ಅದು ‘ಫುತ್ಥಂ ಸರಣಂ ಖಚ್ಛಾಮಿ’ ಎಂದು ಕೇಳಿಸುತ್ತದೆ. ಒಂದೆರಡು ಸಲ ಕೇಳಿದ ಮೇಲೆ ಕನ್ನಡದ ಕಿವಿ ಹೊಂದಿಕೊಳ್ಳುತ್ತದೆ.

ಹಿಂದಿನ ದಿನ ಮನೆಯಂಗಳದಲ್ಲಿ ಮುಂಡನ. ಹುಡುಗ ಮೊದಲು ತಂದೆತಾಯಿಯ ಪಾದ ತೊಳೆದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾನೆ. ಆಮೇಲೆ ಅಪ್ಪ, ಅಮ್ಮ, ಅಜ್ಜಿ, ಹಿರಿಯರು ಒಬ್ಬೊಬ್ಬರಾಗಿ ಕತ್ತರಿ ಹಿಡಿದು ಒಂದೊಂದು ಎಳೆ ಕೂದಲು ಕತ್ತರಿಸುತ್ತಾರೆ. ಕೂದಲು ನೆಲಕ್ಕೆ ಬೀಳಬಾರದು. ತಾವರೆ ಎಲೆ ಹಿಡಿದು ಅದರಲ್ಲಿ ಸೇರಿಸಿಕೊಳ್ಳುತ್ತಾರೆ. ಉಳಿದ ತಲೆ ಬೋಳಿಸುವುದು ಭಿಕ್ಷುವೊಬ್ಬರ ಕೆಲಸ. ಹುಬ್ಬನ್ನೂ ತೆಗೆಯುತ್ತಾರೆ, ಇದು ಥಾಯ್ ಪದ್ಧತಿ. ಬರ್ಮಾ, ಶ್ರೀಲಂಕಾಗಳಲ್ಲಿ ಹುಬ್ಬು ಉಳಿಸುತ್ತಾರೆ. ಹುಬ್ಬು ಹೋದ ಮುಖವನ್ನು ಸ್ವಂತ ತಂಗಿಯೂ ಒಂದು ಕ್ಷಣ ಗುರುತು ಹಿಡಿಯುವುದಿಲ್ಲ.

ಸಂಜೆ ‘ಸು ಖ್ವಾನ್’. ಖ್ವಾನ್ ಎಂದರೆ ಮೈಯೊಳಗಿನ ಜೀವಸತ್ವ. ದೊಡ್ಡ ಬದಲಾವಣೆಯ ಹೊತ್ತಿಗೆ ಅದು ಬೆದರಿ ಚದುರುತ್ತದಂತೆ, ಕರೆದು ತಂದು ಕಟ್ಟಿಹಾಕಬೇಕು. ಬಾಳೆಲೆಯನ್ನು ಗೋಪುರದಂತೆ ಮಡಚಿ ಕಟ್ಟಿದ ತಟ್ಟೆಯ ಸುತ್ತ ಎಲ್ಲರೂ ಕೂತಿರುತ್ತಾರೆ. ಊರಿನ ಹಿರಿಯನೊಬ್ಬ ರಾಗವಾಗಿ ಹಾಡುವುದು ತಾಯಿಯ ಬಸಿರು, ಹೆರಿಗೆ, ಹಾಲು, ರಾತ್ರಿಯ ಎಚ್ಚರ. ಇದು ಬೌದ್ಧ ವಿನಯದ ಭಾಗವಲ್ಲ, ಊರಿನ ಆಚಾರ. ಆದರೆ ಮಗ ಅಳುವುದು ಇಲ್ಲೇ, ನಾಳೆಯ ಪಾಳಿ ಮಂತ್ರಕ್ಕೆ ಅಲ್ಲ. ಕೊನೆಗೆ ಮಣಿಕಟ್ಟಿಗೆ ಬಿಳಿ ನೂಲು ಕಟ್ಟುತ್ತಾರೆ.

ಮರುದಿನ ಮೆರವಣಿಗೆ. ಬಿಳಿ ಬಟ್ಟೆಯ ನಾಕ್ ಗೆಳೆಯರ ಹೆಗಲ ಮೇಲೆ, ಮುಂದೆ ಡೋಲು, ಧ್ವನಿವರ್ಧಕದ ಗಾಡಿ. ಅಮ್ಮನ ಕೈಯಲ್ಲಿ ಮಡಚಿದ ತ್ರಿಚೀವರ, ಎಂದರೆ ಭಿಕ್ಷುವಿನ ಮೂರು ವಸ್ತ್ರ; ಅಪ್ಪನ ಹೆಗಲಿಗೆ ಭಿಕ್ಷಾಪಾತ್ರೆ. ದೀಕ್ಷೆ ನಡೆಯುವ ಉಪೋಸಥ ಮಂದಿರಕ್ಕೆ ಮೂರು ಪ್ರದಕ್ಷಿಣೆ, ಸೀಮಾಕಲ್ಲಿಗೆ ನಮಸ್ಕಾರ, ಬಾಗಿಲ ಬಳಿ ನಿಂತು ಬಣ್ಣದ ರಿಬ್ಬನ್ ಸುತ್ತಿದ ನಾಣ್ಯಗಳನ್ನು ಎರಚುವುದು. ಮಕ್ಕಳಿಗಿಂತ ಮೊದಲು ಅಜ್ಜಿಯರು ಬಾಗಿರುತ್ತಾರೆ, ಆ ನಾಣ್ಯ ಅದೃಷ್ಟದ್ದು. ಊಟ, ವಾದ್ಯ, ಹೆಂಡಕ್ಕೆ ಸಾಲ ಮಾಡುವ ಮನೆಗಳಿವೆ. ಒಳಗೆ ಮಗನನ್ನು ‘ಸಾಲವಿಲ್ಲದವನೇ?’ ಎಂದು ಕೇಳುವಾಗ ಹೊರಗೆ ಅಪ್ಪ ಬಾಡಿಗೆ ಕುರ್ಚಿಯ ಲೆಕ್ಕ ಮಾಡುತ್ತಿರುತ್ತಾನೆ.

ಒಳಗಿನ ಕ್ರಮ ಬಿಗಿ. ಸೀಮೆಯೊಳಗೆ ಇರುವ ಭಿಕ್ಷುಗಳೆಲ್ಲ ಒಬ್ಬರಿಗೊಬ್ಬರು ಕೈಯಳತೆಯಲ್ಲಿ, ಎಂದರೆ ಎರಡೂವರೆ ಮೊಳದೊಳಗೆ ಕೂರಬೇಕು. ಒಬ್ಬ ಭಿಕ್ಷು ಸೀಮೆಯ ಒಳಗಿದ್ದೂ ಅಳತೆಯಿಂದ ಆಚೆಗಿದ್ದರೆ ಇಡೀ ಕರ್ಮ ಅಸಿಂಧು. ಅದಕ್ಕೇ ಫೋಟೋ ತೆಗೆಯುವವರಿಗಿಂತ ಭಿಕ್ಷುಗಳ ಜಾಗದ ಮೇಲೆ ಹಿರಿಯರ ಕಣ್ಣು. ವಿನಯದ ಪ್ರಕಾರ ಮಧ್ಯದೇಶದಲ್ಲಿ, ಎಂದರೆ ಬುದ್ಧ ಓಡಾಡಿದ ಗಂಗೆಯ ಬಯಲಿನಲ್ಲಿ, ಹತ್ತು, ಗಡಿನಾಡಿನಲ್ಲಿ ಐದು ಭಿಕ್ಷುಗಳಿದ್ದರೆ ಸಾಕು. ಥಾಯ್ ಹಳ್ಳಿಗಳಲ್ಲಿ ಅದಕ್ಕಿಂತ ಹೆಚ್ಚು ಜನರನ್ನೇ ಕರೆಯುತ್ತಾರೆ. ದೀಕ್ಷೆ ಕೊಡುವ ಹಿರಿಯ ಭಿಕ್ಷುವಾದ ಉಪಾಧ್ಯಾಯರಿಗೆ ಸಂಘದ ನೇಮಕ ಇರಬೇಕು. ಎಲ್ಲ ವಿಹಾರದಲ್ಲೂ ಅಂಥವರು ಇರುವುದಿಲ್ಲ, ತಾರೀಖು ನಿಲ್ಲುವುದು ಅವರ ಬಿಡುವಿನ ಮೇಲೆ.

ಅಮ್ಮ ಮಂಡಿಯೂರಿ ಚೀವರವನ್ನು ಮಗನ ತೋಳ ಮೇಲಿಡುತ್ತಾಳೆ. ‘ಮಗನ ಕಾವಿಯ ಸೆರಗು ಹಿಡಿದು ಸ್ವರ್ಗಕ್ಕೆ ಹೋಗುವುದು’ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಹೆಂಗಸರಿಗೆ ಭಿಕ್ಷುಣಿ ದೀಕ್ಷೆಯನ್ನು ಥಾಯ್ ಸಂಘ 1928ರ ಆದೇಶದಿಂದಲೇ ನಿಷೇಧಿಸಿದೆ. ಹಾಗಾಗಿ ತಾಯಿಗೆ ಈ ಪುಣ್ಯದ ದಾರಿ ಮಗನ ಮೂಲಕವೇ, ಬರೀ ಹೆಣ್ಣುಮಕ್ಕಳಿದ್ದವರಿಗೆ ಅಳಿಯನೋ ಅಣ್ಣನ ಮಗನೋ ಬೇಕು. ಇದನ್ನು ಸುಂದರ ಆಚಾರ ಎಂದಷ್ಟೇ ಬರೆದು ಮುಂದೆ ಹೋಗುವುದು ಸರಿಯಲ್ಲ.

ಉಪಾಧ್ಯಾಯರು ಹುಡುಗನಿಗೆ ಮೊದಲ ಧ್ಯಾನವಾಗಿ ಹೇಳಿಕೊಡುವುದು ಐದೇ ಪದ: ಕೇಸಾ, ಲೋಮಾ, ನಖಾ, ದಂತಾ, ತಚೋ. ಕೂದಲು, ರೋಮ, ಉಗುರು, ಹಲ್ಲು, ತೊಗಲು. ಹಿಂದಿನಿಂದ ಮುಂದಕ್ಕೂ ಹೇಳಿಸುತ್ತಾರೆ. ಆಮೇಲೆ ಚೀವರ ಉಟ್ಟು ಬಂದು ಹತ್ತು ಶೀಲ ಪಡೆದು ಶ್ರಾಮಣೇರನಾಗುತ್ತಾನೆ. ಇಪ್ಪತ್ತು ತುಂಬದವನು ಇಲ್ಲಿಗೇ ನಿಲ್ಲಬೇಕು. 2018ರಲ್ಲಿ ನೀರು ತುಂಬಿದ ಥಾಮ್ ಲುವಾಂಗ್ ಗುಹೆಯಿಂದ ಪಾರಾದ ಫುಟ್ಬಾಲ್ ತಂಡದ ಹನ್ನೊಂದು ಹುಡುಗರು ಕಾವಿ ತೊಟ್ಟದ್ದು ಹೀಗೆ, ಶ್ರಾಮಣೇರರಾಗಿ. ಅವರ ತರಬೇತುದಾರ ಮಾತ್ರ ಭಿಕ್ಷುವಾದ.

ಭಿಕ್ಷುವಾಗುವವನಿಗೆ ಪಾತ್ರೆಯನ್ನು ಬೆನ್ನಿಗೆ ಕಟ್ಟಿ, ಸಭೆಯಿಂದ ಆಚೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಕುಷ್ಠ ಇದೆಯೇ, ಹುಣ್ಣು, ಚರ್ಮರೋಗ, ಕ್ಷಯ, ಮೂರ್ಛೆ? ಐದಕ್ಕೂ ‘ನತ್ಥಿ ಭಂತೇ’, ಇಲ್ಲ ಸ್ವಾಮಿ. ಮನುಷ್ಯನೇ, ಗಂಡಸೇ, ಸ್ವತಂತ್ರನೇ, ಸಾಲವಿಲ್ಲವೇ, ರಾಜನ ಸೇವೆಯಲ್ಲಿಲ್ಲವೇ, ತಂದೆತಾಯಿಯ ಒಪ್ಪಿಗೆ ಇದೆಯೇ, ಇಪ್ಪತ್ತು ತುಂಬಿದೆಯೇ, ಪಾತ್ರೆ ಚೀವರ ಇವೆಯೇ? ಎಂಟಕ್ಕೂ ‘ಆಮ ಭಂತೇ’, ಹೌದು ಸ್ವಾಮಿ. ಗಾಬರಿಯಲ್ಲಿ ಆರನೆಯದಕ್ಕೂ ‘ನತ್ಥಿ’ ಎಂದು, ತಾನು ಮನುಷ್ಯನೇ ಅಲ್ಲ ಎಂದುಬಿಡುವವರಿದ್ದಾರೆ. ಒಳಗೆ ಎಲ್ಲರೆದುರು ಕೇಳಿದರೆ ನಾಚಿಕೊಳ್ಳುತ್ತಾರೆಂದೇ ಮೊದಲು ಹೊರಗೆ ಕೇಳುವ ನಿಯಮ ಬಂತು. ತಂದೆತಾಯಿಯ ಒಪ್ಪಿಗೆಯ ಪ್ರಶ್ನೆ ಸೇರಿದ್ದು ಶುದ್ಧೋದನನಿಂದ: ಮಗನೂ ಹೋಗಿ ಮೊಮ್ಮಗ ರಾಹುಲನೂ ಹೋದಾಗ, ಇನ್ನು ಮುಂದೆ ಹೆತ್ತವರನ್ನು ಕೇಳದೆ ಯಾರಿಗೂ ದೀಕ್ಷೆ ಕೊಡಬೇಡ ಎಂದು ಅವನು ಬೇಡಿಕೊಂಡ.

ಕೊನೆಗೆ ಸಭೆಯ ಮುಂದೆ ಒಂದು ಜ್ಞಪ್ತಿ, ಎಂದರೆ ಪ್ರಸ್ತಾವ, ಆಮೇಲೆ ಮೂರು ಘೋಷಣೆ. ಸಂಘ ಸುಮ್ಮನಿದ್ದರೆ ಸಮ್ಮತಿ. ಮೂರನೆಯ ಘೋಷಣೆ ಮುಗಿದ ಗಳಿಗೆಯನ್ನು ಬರೆದಿಡುತ್ತಾರೆ, ಹಿರಿತನ ಎಣಿಸುವುದು ಅಲ್ಲಿಂದ. ಹೊರಗೆ ಬಂದಾಗ ಅಮ್ಮ ಮಗನಿಗೆ ಕೈ ಮುಗಿಯುತ್ತಾಳೆ, ಅವನು ತಿರುಗಿ ಮುಗಿಯುವಂತಿಲ್ಲ. ಹೆಂಗಸಾದ ಅವಳು ಕೊಡುವುದನ್ನು ನೇರ ಕೈಯಲ್ಲಿ ತೆಗೆದುಕೊಳ್ಳುವಂತಿಲ್ಲ. ನೆಲದ ಮೇಲೆ ಒಂದು ಬಟ್ಟೆ ಹಾಸಿ ಅದರ ತುದಿ ಹಿಡಿಯುತ್ತಾನೆ, ಅವಳು ಅದರ ಮೇಲಿಡುತ್ತಾಳೆ.

ಮುಂದಿನ ದಿನಗಳಲ್ಲಿ ಹೊಸಬನನ್ನು ಕಾಡುವುದು ಹಸಿವಲ್ಲ, ಬಟ್ಟೆ. ಚೀವರದ ಎರಡು ಅಂಚು ಕೂಡಿಸಿ ಬಿಗಿಯಾಗಿ ಸುರುಳಿ ಸುತ್ತಿ, ಸುರುಳಿಯನ್ನು ಎಡ ಹೆಗಲ ಮೇಲಿಂದ ಹಿಂದಕ್ಕೆ ತಂದು ಕಂಕುಳಲ್ಲಿ ಅದುಮಿಕೊಳ್ಳಬೇಕು. ಪಿನ್ನಿಲ್ಲ, ಗಂಟಿಲ್ಲ. ಸುರುಳಿ ಸಡಿಲವಾದರೆ ಭಿಕ್ಷೆಯ ಅರ್ಧ ದಾರಿಯಲ್ಲಿ ತುಂಬಿದ ಪಾತ್ರೆ ಕೈಯಲ್ಲಿರುವಾಗ ಜಾರುತ್ತದೆ. ಅಂಗೈ ಗೆರೆ ಕಾಣುವಷ್ಟು ಬೆಳಕಾದ ಮೇಲೆ ಬರಿಗಾಲಲ್ಲಿ ಹೊರಡುವುದು. ಅಮ್ಮ ಅಂಟಕ್ಕಿ ಅನ್ನದ ಬುಟ್ಟಿ ಹಿಡಿದು ಮನೆ ಮುಂದೆ ಕೂತಿರುತ್ತಾಳೆ. ಉಪನಯನದ ವಟುವಿಗೆ ಮೊದಲ ಭಿಕ್ಷೆ ತಾಯಿ ಹಾಕುವುದನ್ನು ಕಂಡವರಿಗೆ ಇದು ಹೊಸದೆನಿಸದು. ಆದರೆ ಇಲ್ಲಿ ಮಗ ‘ಭವತಿ’ ಎನ್ನುವುದಿಲ್ಲ, ಕೇಳುವುದೂ ಇಲ್ಲ, ನಿಲ್ಲುತ್ತಾನೆ ಅಷ್ಟೇ.

ನಡುಹಗಲು ಕಳೆದ ಮೇಲೆ ಊಟವಿಲ್ಲ. ಹಣ ಮುಟ್ಟುವಂತಿಲ್ಲ, ಅದನ್ನು ಮನೆಯವರು ನೋಡಿಕೊಳ್ಳಬೇಕು. ಪ್ರೀತಿಯಿಂದ ತಪ್ಪು ಮಾಡಿಸುವವರೂ ಮನೆಯವರೇ: ಸಂಜೆ ಬಿಸ್ಕತ್ತು ತರುತ್ತಾರೆ, ಹಣ್ಣನ್ನು ಕೈಗೆ ಕೊಡದೆ ಕೋಣೆಯಲ್ಲಿ ಇಟ್ಟು ಹೋಗುತ್ತಾರೆ. ಕೈಗೆ ಕೊಡದ ಆಹಾರ ತಿಂದರೆ ದೋಷ. ಇನ್ನೊಂದು, ನಸುಕು ಹರಿಯುವಾಗ ಮೂರೂ ಚೀವರ ಹತ್ತಿರವೇ ಇರಬೇಕು; ಹೊರ ಚೀವರವಾದ ಸಂಘಾಟಿಯನ್ನು ಮಂದಿರದಲ್ಲಿ ಮರೆತು ಬೇರೆ ಕಡೆ ಮಲಗಿದವರು ಬೆಳಿಗ್ಗೆ ಅದನ್ನು ಇನ್ನೊಬ್ಬ ಭಿಕ್ಷುವಿಗೆ ಒಪ್ಪಿಸಿ ದೋಷ ಹೇಳಿಕೊಳ್ಳಬೇಕು. ಇಂಥವು ಒಪ್ಪಿಕೊಂಡರೆ ತೀರುತ್ತವೆ. ಸಂಘಾದಿಶೇಷ ಎಂಬ ದೊಡ್ಡ ದೋಷಗಳು ಹಾಗಲ್ಲ, ಹಸ್ತಮೈಥುನವೂ ಅದರಲ್ಲಿ ಸೇರಿದೆ. ಮುಚ್ಚಿಟ್ಟಷ್ಟು ದಿನ ಪರಿವಾಸ ಎಂಬ ದಂಡದ ಅವಧಿ, ಮೇಲೆ ಆರು ರಾತ್ರಿ ಮಾನತ್ತ ಎಂಬ ಪ್ರಾಯಶ್ಚಿತ್ತ, ಕೊನೆಗೆ ಇಪ್ಪತ್ತು ಭಿಕ್ಷುಗಳ ಸಭೆ. ಹದಿನೈದು ದಿನದವನಿಗೆ ಇದು ಮುಗಿಯುವ ಲೆಕ್ಕವಲ್ಲ. ಹಾಗೇ ಬಿಟ್ಟು ಹೋದರೆ ದೋಷ ಅಲ್ಲೇ ಉಳಿದು, ಮುಂದೆಂದಾದರೂ ಮತ್ತೆ ಭಿಕ್ಷುವಾದರೆ ಅಲ್ಲಿಂದಲೇ ಶುರು.

ಹೊರಡುವ ದಿನವನ್ನು ಪಂಚಾಂಗ ನೋಡಿ ಇಡುತ್ತಾರೆ. ಭಿಕ್ಷುವಿನ ಎದುರು ಸ್ಪಷ್ಟವಾಗಿ ಹೇಳಬೇಕಾದದ್ದು ಒಂದೇ ಸಾಲು: ‘ಸಿಕ್ಖಂ ಪಚ್ಚಕ್ಖಾಮಿ, ಗಿಹೀತಿ ಮಂ ಧಾರೇಥ’. ಭಿಕ್ಷುವಿನ ಶಿಕ್ಷಣವನ್ನು ಬಿಟ್ಟಿದ್ದೇನೆ, ನನ್ನನ್ನು ಗೃಹಸ್ಥನೆಂದು ತಿಳಿಯಿರಿ. ಹಿರಿಯರು ಹೆಗಲ ಸಂಘಾಟಿ ಎಳೆಯುತ್ತಾರೆ. ಒಳಗೆ ಹೋಗಿ ಪ್ಯಾಂಟು ಶರ್ಟು ಹಾಕಿ ಬಂದು ಐದು ಶೀಲ ಕೇಳುತ್ತಾನೆ. ದೀಕ್ಷೆಯಾಗದವನು ‘ಹಸಿ ಮನುಷ್ಯ’, ಆದವನು ‘ಬೆಂದವನು’. ಇನ್ನು ಮುಂದೆ ಊರು ಅವನನ್ನು ‘ಥಿತ್’ ಎಂದು ಕರೆಯುತ್ತದೆ, ಪಂಡಿತ ಎಂಬುದರ ತುಂಡು. ಬಾಗಿಲಲ್ಲಿ ಕಾಯುತ್ತಿದ್ದ ಅಮ್ಮ ಮೊದಲು ಮಾಡುವುದು ಮೊಳೆಯುತ್ತಿರುವ ಹುಬ್ಬನ್ನು ಹೆಬ್ಬೆರಳಿಂದ ಸವರುವುದು. ರಾತ್ರಿಯ ರೈಲಿಗೆ ಟಿಕೆಟ್ ಆಗಿದೆ, ನಾಳೆ ಕಾರ್ಖಾನೆಯ ಪಾಳಿ ಇದೆ.