ಪಾತ್ರೆ ಅಂಗಡಿ ಸಾಫ್ಟ್‌ವೇರ್: ‘ವಾಪಸ್’ ಸ್ಟೋರಿಗೆ ಮೂವರೂ ಕೂತ ನಾಲ್ಕು ವಾರ

ತಿಪಟೂರಿನಲ್ಲಿ ನಮ್ಮ ಸೋದರಮಾವನದ್ದು ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಲೆಕ್ಕವೆಲ್ಲ ಇನ್ನೂ ಚೀಟಿ ಪುಸ್ತಕದಲ್ಲಿದೆ. ಅದಕ್ಕೊಂದು ಚಿಕ್ಕ ಸಾಫ್ಟ್‌ವೇರ್ ಬರೆಯೋಣ ಅಂತ ವಾರದ ರಜೆಯಲ್ಲಿ ಕೂರುತ್ತಿದ್ದೇನೆ. ಕೋಡ್ ನನ್ನದು. ಅತ್ತಿಗೆ ಬೆಂಗಳೂರಿನಲ್ಲಿ ಬಿಸಿನೆಸ್ ಅನಲಿಸ್ಟ್, ಮಾವನ ಹತ್ತಿರ ಕೂತು ಕೇಳಿಕೊಂಡು ಬರುವುದು ಅವರ ಕೆಲಸ. ಟೆಸ್ಟಿಂಗ್‌ಗೆ ನನ್ನ ಕಾಲೇಜು ಗೆಳೆಯ ಒಪ್ಪಿಕೊಂಡಿದ್ದಾನೆ.

ಸಾಮಾನು ಹೊರಗೆ ಹೋಗುವ ಭಾಗ ಹೋದ ತಿಂಗಳು ಮುಗಿಯಿತು. ಈ ತಿಂಗಳದ್ದು ಪೂರ್ತಿ ಒಂದೇ ಸ್ಟೋರಿ, ಅಂದರೆ ಸಾಫ್ಟ್‌ವೇರ್ ಮಾಡಿಕೊಡಬೇಕಾದ ಒಂದು ಕೆಲಸದ ಚಿಕ್ಕ ವಿವರ: ಸಾಮಾನು ವಾಪಸ್ ಬಂದಾಗ ಎಣಿಸಿ, ಬಾಡಿಗೆಯನ್ನೂ ಕಳೆದುಹೋದದ್ದರ ದುಡ್ಡನ್ನೂ ಹಿಡಿದುಕೊಂಡು, ಉಳಿದ ಡೆಪಾಸಿಟ್ ಕೊಡುವುದು.

ಮೊದಲ ವಾರ

ಕೋಡ್ ಮುಟ್ಟುವ ಮುಂಚೆ ಮೂವರೂ ಒಟ್ಟಿಗೆ ಸ್ಟೋರಿ ನೋಡೋಣ ಅಂದದ್ದು ಅತ್ತಿಗೆ. ಇದಕ್ಕೆ ತ್ರೀ ಅಮಿಗೋಸ್ ಅನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದದ್ದು ಸಾಫ್ಟ್‌ವೇರ್ ಸಲಹೆಗಾರ ಜಾರ್ಜ್ ಡಿನ್‌ವಿಡ್ಡಿ. ಏನು ಬೇಕು ಅಂತ ಬಲ್ಲವರು, ಕಟ್ಟುವವರು, ಎಲ್ಲಿ ಮುರಿಯುತ್ತದೆ ಅಂತ ಹುಡುಕುವವರು, ಈ ಮೂರೂ ಕಣ್ಣು ಒಂದೇ ಹೊತ್ತಿಗೆ ಒಂದೇ ಚೀಟಿಯ ಮೇಲೆ ಬೀಳಬೇಕು ಅನ್ನುವುದು ಇದರ ಹುರುಳು.

ಮೊದಲ ದಿನ 1 ಗಂಟೆ 20 ನಿಮಿಷ ಕೂತೆವು, ಸ್ಟೋರಿ ಮಾತ್ರ ಮುಂದೆ ಹೋಗಲಿಲ್ಲ. ತಪ್ಪು ನನ್ನದೇ. ಹತ್ತನೇ ನಿಮಿಷಕ್ಕೇ ನಾನು ಬೋರ್ಡ್ ಮೇಲೆ ಡೇಟಾಬೇಸ್ ಟೇಬಲ್ ಬರೆಯಲು ಶುರು ಮಾಡಿದೆ: `out_time`, `in_time`, ಎರಡನ್ನೂ ಕಳೆದರೆ ದಿನ ಸಿಗುತ್ತದೆ, ದರದಿಂದ ಗುಣಿಸಿದರೆ ಬಾಡಿಗೆ. ಆಮೇಲೆ ಮಾತೆಲ್ಲ ಆ ಟೇಬಲ್ ಸುತ್ತಲೇ ತಿರುಗಿತು. ಅಂಗಡಿಯಲ್ಲಿ ‘ದಿನ’ ಅಂದರೆ ಏನು ಅಂತ ಯಾರೂ ಕೇಳಲಿಲ್ಲ.

ಎರಡನೇ ವಾರ

ಈ ಸಲ ಮ್ಯಾಟ್ ವಿನ್ 2015ರಲ್ಲಿ ಬರೆದು ತಿಳಿಸಿದ ಎಕ್ಸಾಂಪಲ್ ಮ್ಯಾಪಿಂಗ್ ಕ್ರಮ ಹಿಡಿದೆವು. ನಾಲ್ಕು ಬಣ್ಣದ ಚೀಟಿ ಬೇಕು, ಅಷ್ಟೇ. ಹಳದಿ ಚೀಟಿಯಲ್ಲಿ ಸ್ಟೋರಿ, ನೀಲಿಯಲ್ಲಿ ನಿಯಮ, ಆ ನಿಯಮದ ಕೆಳಗೆ ಹಸಿರು ಚೀಟಿಗಳಲ್ಲಿ ಉದಾಹರಣೆ. ಕೂತವರಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಕೆಂಪು ಚೀಟಿಗೆ ಬರೆದು ಪಕ್ಕಕ್ಕಿಡುವುದು, ಅದನ್ನು ಹಿಡಿದು ಜಗ್ಗಾಡಬಾರದು. ಹೊತ್ತು 25 ನಿಮಿಷ. ಫೋನಿನಲ್ಲಿ ಅಲಾರಂ ಇಟ್ಟೆವು.

ಅತ್ತಿಗೆ ಮೊದಲ ನೀಲಿ ಚೀಟಿ ಇಟ್ಟರು: “ಕುರ್ಚಿಗೆ ದಿನಕ್ಕೆ 6 ರೂಪಾಯಿ.” ಗೆಳೆಯ ಹಸಿರು ಚೀಟಿ ತೆಗೆದುಕೊಂಡು ಬರೆದ: “100 ಕುರ್ಚಿ. ಶನಿವಾರ ಸಂಜೆ 5ಕ್ಕೆ ಹೋಯಿತು. ಭಾನುವಾರ ಮದುವೆ. ಸೋಮವಾರ ಬೆಳಿಗ್ಗೆ 9ಕ್ಕೆ ಬಂತು. ಎಷ್ಟು?” ಮೂವರೂ ಬಾಯಿಬಿಡದೆ ಒಂದೊಂದು ಚೀಟಿಯಲ್ಲಿ ಉತ್ತರ ಬರೆಯೋಣ ಅಂದ.

ನಾನು 1200 ಬರೆದೆ. 40 ಗಂಟೆ ಆಯಿತು, 24ರ ಲೆಕ್ಕದಲ್ಲಿ ಮೇಲಕ್ಕೆ ತೆಗೆದುಕೊಂಡರೆ 2 ದಿನ. ಅವನು 1800 ಬರೆದಿದ್ದ. ಶನಿ, ಭಾನು, ಸೋಮ, ಕ್ಯಾಲೆಂಡರಿನಲ್ಲಿ 3 ದಿನ. ಅತ್ತಿಗೆ ಬರೆದದ್ದು 600. ಮದುವೆ ಒಂದೇ ದಿನ ತಾನೇ ಅಂದರು. ಆದರೆ ಮಾವ ಹಾಗೆ ಹೇಳಿದ್ದರಾ ಅಂತ ಕೇಳಿದರೆ ಅವರಿಗೂ ಗಟ್ಟಿಯಾಗಿ ಗೊತ್ತಿರಲಿಲ್ಲ.

‘ದಿನಕ್ಕೆ’ ಅನ್ನುವ ಒಂದು ಮಾತಿಗೆ ಮೂರು ಲೆಕ್ಕ! ನೀಲಿ ಚೀಟಿಯನ್ನು ಓದಿದಾಗ ಮೂವರೂ ತಲೆ ಆಡಿಸಿದ್ದೆವು. ಅಂಕಿ ಹಾಕಿದ ಮೇಲೆ ತಾನೇ ಗೊತ್ತಾಗಿದ್ದು, ಒಪ್ಪಿದ್ದು ಮಾತಿಗೆ ಮಾತ್ರ, ಅರ್ಥಕ್ಕಲ್ಲ ಅಂತ. ಮೊದಲು ಬರೆದು ಆಮೇಲೆ ಮಾತಾಡುವ ಈ ಅಭ್ಯಾಸವನ್ನು ಅಂದಿನಿಂದ ಬಿಟ್ಟಿಲ್ಲ. ಮಾತಲ್ಲೇ ಕೇಳಿದ್ದರೆ ಅತ್ತಿಗೆ ಹೇಳಿದ್ದಕ್ಕೆ ನಾವಿಬ್ಬರೂ ಹೂಂ ಅನ್ನುತ್ತಿದ್ದೆವು.

ಇದು ಕೆಂಪು ಚೀಟಿಗೆ ಹೋಯಿತು. ಮುಂದಿನ ನೀಲಿ: “ಕಳೆದುಹೋದ ಊಟದ ತಟ್ಟೆಗೆ 120 ರೂಪಾಯಿ.” ನಾನು ಸುಲಭದ ಉದಾಹರಣೆ ಇಟ್ಟೆ: 100 ಹೋಗಿ 97 ಬಂದರೆ 360. ಗೆಳೆಯ ಅದರ ಪಕ್ಕದಲ್ಲೇ ಇನ್ನೊಂದು ಇಟ್ಟ: “100 ಹೋಗಿ 100 ಬಂತು. ಅದರಲ್ಲಿ 3 ಬೇರೆ ಅಂಗಡಿಯವು.” ಅತ್ತಿಗೆ ಕೂಡಲೇ, “ಅಯ್ಯೋ, ಹೌದು! ಮಾವನ ಅಂಗಡಿಯ ಮೂಲೆಯಲ್ಲಿ ಬೇರೆ ಹೆಸರು ಕೊರೆಸಿದ ಪಾತ್ರೆಗಳ ರಾಶಿಯೇ ಇದೆ” ಅಂದರು. ದೊಡ್ಡ ಮದುವೆಯಲ್ಲಿ ಎರಡು ಅಂಗಡಿಯಿಂದ ತರಿಸುತ್ತಾರೆ, ತೊಳೆಯುವ ಕಡೆ ಎಲ್ಲ ಬೆರೆತು ಹೋಗುತ್ತದೆ. ಅದಕ್ಕೇ ತಾನೇ ಪಾತ್ರೆ ಮೇಲೆ ಹೆಸರು ಕೊರೆಸುವುದು. ನಾನು ಮನಸ್ಸಿನಲ್ಲೇ ಮಾಡಿಕೊಂಡಿದ್ದ ಸ್ಕ್ರೀನಿನಲ್ಲಿ ಎಣಿಕೆಗೆ ಒಂದೇ ಖಾನೆ ಇತ್ತು. ಅಲ್ಲಿ 100 ಅಂತ ಬಿದ್ದಿದ್ದರೆ ಮಾವನ 3 ತಟ್ಟೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಅಲಾರಂ ಹೊಡೆದಾಗ ಮೇಜಿನ ಮೇಲೆ 4 ನೀಲಿ, 7 ಹಸಿರು, 5 ಕೆಂಪು. ಕೆಂಪು ಇಷ್ಟಿದ್ದರೆ ಸ್ಟೋರಿ ಇನ್ನೂ ಕೈಗೆತ್ತಿಕೊಳ್ಳುವ ಹಾಗಿಲ್ಲ. ನೀಲಿ ಜಾಸ್ತಿಯಾದರೆ ಸ್ಟೋರಿ ದೊಡ್ಡದು, ಒಡೆಯಬೇಕು. ಒಂದೇ ನೀಲಿಯ ಕೆಳಗೆ ಹಸಿರು ರಾಶಿ ಬಿದ್ದರೆ ಆ ನಿಯಮದೊಳಗೆ ಇನ್ನೊಂದು ನಿಯಮ ಅಡಗಿದೆ ಅಂತ ಲೆಕ್ಕ. ಮೇಜು ನೋಡಿದರೇ ಸ್ಥಿತಿ ಗೊತ್ತಾಗುತ್ತದೆ, ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಅದೇ. ಸ್ಟೋರಿ ಕೋಡ್‌ಗೆ ಸಿದ್ಧವಾ ಅಂತ ಹೆಬ್ಬೆರಳಿನಲ್ಲೇ ಮತ ಹಾಕಿದೆವು. ಮೂವರದ್ದೂ ಕೆಳಗೆ. ಕೋಡ್ ಬರೆಯಲಿಲ್ಲ.

ಅದೇ ವಾರ, ಭಾನುವಾರ ರಾತ್ರಿ

ಅತ್ತಿಗೆ ಮಾವನಿಗೆ ಫೋನ್ ಮಾಡಿದರು. “ದಿನಕ್ಕೆ ಅಂದರೆ ಹೇಗೆ?” ಅಂತ ಕೇಳಲಿಲ್ಲ, ಶನಿವಾರ ಸಂಜೆಯ 100 ಕುರ್ಚಿಯ ಕಥೆಯನ್ನೇ ಹೇಳಿದರು. ಮಾವ ತಡಮಾಡದೆ “ಆರುನೂರು” ಅಂದರು. “ಸಮಾರಂಭ ಎಷ್ಟು ದಿನವೋ ಅಷ್ಟೇ ಬಾಡಿಗೆ ಕಣಮ್ಮಾ. ಹಿಂದಿನ ದಿನ 4ರ ಮೇಲೆ ತಗೊಂಡು ಹೋಗಲಿ, ಮಾರನೇ ದಿನ 11ರೊಳಗೆ ತಂದು ಹಾಕಲಿ. 11 ದಾಟಿದರೆ ಇನ್ನೊಂದು ದಿನದ್ದು.”

ಅಂದರೆ ಬಾಡಿಗೆ ನಿಂತಿರುವುದು ಸಮಾರಂಭದ ತಾರೀಖಿನ ಮೇಲೆ. ನನ್ನ ಟೇಬಲ್ಲಿನಲ್ಲಿ ಆ ತಾರೀಖೇ ಇಲ್ಲ! `out_time`, `in_time` ಎರಡನ್ನು ಹೇಗೆ ತಿರುಗಿಸಿದರೂ ಈ ಲೆಕ್ಕ ಬರುವುದಿಲ್ಲ. ಹೋದ ತಿಂಗಳು ಮುಗಿಯಿತು ಅಂದುಕೊಂಡಿದ್ದ ಭಾಗಕ್ಕೆ ವಾಪಸ್ ಹೋಗಿ `event_date`, `event_days` ಸೇರಿಸಿದೆ. ಅರ್ಧ ದಿನದ ಕೆಲಸ. ವಾಪಸ್ ಭಾಗವನ್ನೂ ಕಟ್ಟಿದ ಮೇಲೆ ತಿಳಿದಿದ್ದರೆ ಎರಡನ್ನೂ ಬಿಚ್ಚಬೇಕಾಗುತ್ತಿತ್ತು.

ಗೆಳೆಯ ಇನ್ನೊಂದು ಕೇಳಿಸಿದ್ದ. ಗಾಡಿ 10:50ಕ್ಕೆ ಬಂತು, ಇಳಿಸಿ ಎಣಿಸುವಷ್ಟರಲ್ಲಿ 11:30. ಆಗ? “ಗಾಡಿ ಬಾಗಿಲಿಗೆ ಬಂದ ಹೊತ್ತು ಲೆಕ್ಕ. ಎಣಿಸೋದು ನಮ್ಮ ಕೆಲಸ, ಅದಕ್ಕೆ ಅವರ ಹತ್ತಿರ ದುಡ್ಡು ಕೇಳೋಕಾಗುತ್ತಾ?” ಅಂದರು ಮಾವ. ನಾನು ‘ವಾಪಸ್’ ಬಟನ್ ಒತ್ತಿದ ಹೊತ್ತನ್ನೇ ಹಿಡಿಯಬೇಕೆಂದಿದ್ದೆ. ಆ ಬಟನ್ ಒತ್ತುವುದು ಎಣಿಕೆ ಮುಗಿದ ಮೇಲೆ. ಹೊತ್ತಿಗೆ ಸರಿಯಾಗಿ ತಂದವರ ಮೇಲೂ 600 ರೂಪಾಯಿ ಜಾಸ್ತಿ ಬೀಳುತ್ತಿತ್ತು. ಈಗ ಗಾಡಿ ಬಂದ ಹೊತ್ತಿಗೆ ಬೇರೆ ಬಟನ್ ಇದೆ.

ಬೇರೆ ಅಂಗಡಿಯ ಪಾತ್ರೆಯನ್ನು ತೆಗೆದಿಟ್ಟು, ಆಮೇಲೆ ಆ ಅಂಗಡಿಯವರ ಜೊತೆ ಅದಲು ಬದಲು ಮಾಡಿಕೊಳ್ಳುತ್ತಾರಂತೆ. ಅದು ಬೇರೆಯೇ ಸ್ಟೋರಿ. ಸ್ವಲ್ಪ ಸಾಮಾನು ಇವತ್ತು, ಉಳಿದದ್ದು ಬುಧವಾರ ತರುವುದೂ ಬೇರೆ. ಹೀಗೆ ಒಂದು ಹಳದಿ ಚೀಟಿ ಮೂರಾಯಿತು. ಮೊದಲಿಗೆ ಎಲ್ಲ ಒಂದೇ ಸಲ ಬರುವುದನ್ನು ಮಾತ್ರ ಮಾಡುತ್ತಿದ್ದೇವೆ. ಆದರೆ ಎಣಿಕೆಗೆ ‘ನಮ್ಮದು’, ‘ಬೇರೆಯವರದು’ ಅಂತ ಎರಡು ಖಾನೆ ಈಗಲೇ ಇಟ್ಟಿದ್ದೇನೆ.

ಮೂರನೇ ವಾರ

ಹಸಿರು ಚೀಟಿಗಳನ್ನು ಕುಕುಂಬರ್ ಪರೀಕ್ಷೆಗಳಾಗಿ ಬರೆದೆವು. ಆಡುಮಾತಿನಲ್ಲಿ ಬರೆದ ಉದಾಹರಣೆಯನ್ನೇ ಕೋಡ್ ಮೇಲೆ ಓಡಿಸಿ ನೋಡುವ ಸಾಧನ ಅದು. ಈ ಬರವಣಿಗೆಯನ್ನು ಮೂವರೂ ಕೂತು ಮಾಡಲಿಲ್ಲ. ಹಾಗೆ ಮಾಡಿದರೆ ಹೊತ್ತೆಲ್ಲ ಪದ ತಿದ್ದುವುದಕ್ಕೇ ಹೋಗುತ್ತದೆ. ನಾನೂ ಗೆಳೆಯನೂ ಬರೆದೆವು, ಅತ್ತಿಗೆ ಓದಿ ತಿದ್ದಿದರು. ಮಾವನೂ ಓದಲಿ ಅಂತ ಕನ್ನಡದಲ್ಲೇ ಬರೆದೆವು. ಕುಕುಂಬರ್ ಓದುವ ಬರಹದ ರೂಪವಾದ ಗರ್ಕಿನ್‌ನಲ್ಲಿ ಕನ್ನಡದ ಕೀಲಿಪದಗಳು ಮೊದಲಿಂದಲೇ ಇವೆ, ಮೇಲೆ `# language: kn` ಅಂತ ಹಾಕಿದರೆ ಸಾಕು.

ಒಂದು ತೊಡಕು ಬಂತು. ಅಲ್ಲಿ ಮೊದಲಿನ ಸ್ಥಿತಿ ಹೇಳುವ ಗಿವನ್, ಆಮೇಲೆ ನಡೆದದ್ದು ಹೇಳುವ ವೆನ್ ಪದಗಳಿಗೆ ‘ನೀಡಿದ’, ‘ಸ್ಥಿತಿಯನ್ನು’ ಅಂತ ಇದೆ, ಅವು ಸಾಲಿನ ಶುರುವಲ್ಲೇ ಬರಬೇಕು. ಕನ್ನಡದಲ್ಲಿ ‘ಬಂದರೆ’, ‘ಇದ್ದಾಗ’ ಅನ್ನುವುದು ಸಾಲಿನ ಕೊನೆಗೆ ತಾನೇ ಬರುವುದು? ‘ಸ್ಥಿತಿಯನ್ನು ಗಾಡಿ ಬಂತು’ ಅಂದರೆ ಮಾವನಿಗೇನು, ನಮಗೇ ಅರ್ಥವಾಗುವುದಿಲ್ಲ. ಆ ಪದಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಲು ಗರ್ಕಿನ್ ಬಿಡುತ್ತದೆ. ಹಾಗೇ ಮಾಡಿದೆವು:

```gherkin
# language: kn
ಹೆಚ್ಚಳ: ಸಾಮಾನು ವಾಪಸ್

  ಉದಾಹರಣೆ: ಎಣಿಸುವಷ್ಟರಲ್ಲಿ 11 ದಾಟಿತು
    * ಭಾನುವಾರದ ಸಮಾರಂಭಕ್ಕೆ 100 ಕುರ್ಚಿ ಹೋಗಿವೆ
    * ಸೋಮವಾರ 10:50ಕ್ಕೆ ಗಾಡಿ ಬಂತು
    * ಸೋಮವಾರ 11:30ಕ್ಕೆ ಎಣಿಕೆ ಮುಗಿಯಿತು
    * ಬಾಡಿಗೆ 600 ರೂಪಾಯಿ
```

ಮಾವನ ಫೋನಿಗೆ ಕಳಿಸಿದೆ. ಓದಿ, “ಸರಿ ಇದೆ. 11:05ಕ್ಕೆ ಗಾಡಿ ಬಂದದ್ದೂ ಒಂದು ಹಾಕು, 1200” ಅಂತ ತಾವೇ ಒಂದು ಉದಾಹರಣೆ ಸೇರಿಸಿದರು. ಆ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನಾಲ್ಕನೇ ವಾರ

ಡೆಪಾಸಿಟ್ ಲೆಕ್ಕಕ್ಕೆ ಅಂತ ಕೂತ ದಿನ ಗೆಳೆಯ ಊರಲ್ಲಿರಲಿಲ್ಲ. ನಾನೂ ಅತ್ತಿಗೆಯೂ ಇಬ್ಬರೇ ಮುಗಿಸಿದೆವು. 12 ನಿಮಿಷಕ್ಕೇ ಆಗಿಹೋಯಿತು. ಡೆಪಾಸಿಟ್ 1000, ಬಾಡಿಗೆ 600, ಕಳೆದ 3 ತಟ್ಟೆಗೆ 360, ವಾಪಸ್ 40. ಕೆಂಪು ಚೀಟಿ ಒಂದೂ ಇಲ್ಲ. ಚೆನ್ನಾಗಿ ತಿಳಿದುಕೊಂಡಿದ್ದೇವೆ ಅಂದುಕೊಂಡು ಬರೆದುಬಿಟ್ಟೆ.

ಗೆಳೆಯ ಬಂದವನೇ 4 ತಟ್ಟೆ ಕಳೆದುಹೋಗಿವೆ ಅಂತ ಹಾಕಿ ನೋಡಿದ. ಬಾಡಿಗೆ 600, ತಟ್ಟೆಗೆ 480, ಒಟ್ಟು 1080. ಸ್ಕ್ರೀನಿನಲ್ಲಿ “ಗಿರಾಕಿಗೆ ಕೊಡಬೇಕಾದದ್ದು: -80” ಅಂತ ಬಂತು. ಒಂದೇ ಒಂದು ತಟ್ಟೆ ಜಾಸ್ತಿ ಕಳೆದದ್ದು, ಅಷ್ಟೇ. ನಾವಿಬ್ಬರೂ ಯೋಚಿಸಿದ್ದು ದುಡ್ಡು ಹಿಂದಿರುಗಿಸುವುದನ್ನೇ, ಗಿರಾಕಿಯೇ ಕೊಡಬೇಕಾಗಿ ಬರಬಹುದು ಅಂತ ಹೊಳೆಯಲೇ ಇಲ್ಲ. ಹೊಸ ಸ್ಟೋರಿಗೆ ಕೆಂಪು ಚೀಟಿ ಒಂದೂ ಬೀಳದಿದ್ದರೆ ಯಾರೋ ಒಬ್ಬರು ಮೇಜಿನ ಹತ್ತಿರ ಇಲ್ಲ ಅಂತ ಈಗ ನೋಡುತ್ತೇನೆ. ಇಬ್ಬರೇ ಇದ್ದರೆ ಕೂರುವುದನ್ನು ಮುಂದಕ್ಕೆ ಹಾಕುತ್ತೇವೆ.

ಆ -80ಕ್ಕೆ ಕೆಂಪು ಚೀಟಿ ಬರೆದಿದ್ದೇವೆ: ಗಿರಾಕಿ ಆಗಲೇ ಕೊಡದಿದ್ದರೆ ಮಾವ ಸಾಲ ಬರೆದುಕೊಳ್ಳುತ್ತಾರಾ, ಬಿಟ್ಟುಬಿಡುತ್ತಾರಾ? ಪರಿಚಯದವರಿಗೆ ಒಂದು, ಬೇರೆಯವರಿಗೆ ಒಂದು ಇರಬಹುದು ಅನ್ನುತ್ತಾರೆ ಅತ್ತಿಗೆ. ಶನಿವಾರ ಮೂವರೂ ತಿಪಟೂರಿಗೆ ಹೋಗಿ, ಮಾವನನ್ನೂ ಮೇಜಿಗೆ ಕೂರಿಸಿಕೊಂಡು ಕೇಳುತ್ತೇವೆ. ಉಳಿದ ಸಾಮಾನು ಬುಧವಾರ ಬರುವ ಸ್ಟೋರಿಯೂ ಅವತ್ತೇ.